ಶುಂಠಿ ಚಾ ಒಡೆಯದಿರಲು

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬದಿಯಡ್ಕದಲ್ಲಿ ನಮ್ಮ ಸಭೆಗೆ ಚಾ ಮಾಡುವವರು ಇದನ್ನೊಮ್ಮೆ ಓದಿ.

ಕಳೆದ ಸಲ ಮೂವತ್ತು ಲೋಟ ಚಾ ಚೆಲ್ಲಬೇಕಾಯಿತಲ್ವಾ? ಪಾತ್ರೆ ತುಂಬ ಬಿಳಿ ಚೂರು, ಮೇಲೆ ತಿಳಿನೀರು. ಎಲ್ಲರೂ ಹಾಲಿನವರನ್ನೇ ಬೈದರು, ಪಾಪ. ಆದರೆ ಉಳಿದ ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿದೆ, ಒಡೆಯಲೇ ಇಲ್ಲ. ತಪ್ಪು ನನ್ನದೇ. ಹಾಲು ಬಿಸಿಯಾಗುತ್ತಿರುವಾಗಲೇ ಹಸಿ ಶುಂಠಿ ಜಜ್ಜಿ ಹಾಕಿದ್ದೆ.

ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವ ಇದೆ. ಹಾಲು 60-70 ಡಿಗ್ರಿ ಬಿಸಿ ಇರುವಾಗ, ಅಂದರೆ ಕುದಿ ಬರುವ ಮೊದಲು, ಅದರ ಕೆಲಸ ಜೋರು. ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಖಾರ, ಪರಿಮಳ ಎಲ್ಲೂ ಹೋಗುವುದಿಲ್ಲ.

ಹಾಗಾಗಿ ಮೊದಲು ನೀರಿಗೆ ಶುಂಠಿ ಹಾಕಿ, ಐದು ನಿಮಿಷ ಕೊತಕೊತ ಕುದಿಸಿ. ಮತ್ತೆ ಚಾಹುಡಿ, ಸಕ್ಕರೆ. ಹಾಲನ್ನು ಪಕ್ಕದ ಒಲೆಯಲ್ಲಿ ಬೇರೆಯೇ ಕಾಯಿಸಿಕೊಂಡು, ಬಿಸಿ ಇರುವಾಗಲೇ ಕೊನೆಗೆ ಸೇರಿಸಿ. ಆಮೇಲೆ ರುಚಿ ಸಾಲದು ಅಂತ ಇನ್ನೊಂದು ತುಂಡು ಹಸಿ ಶುಂಠಿ ಹಾಕಬೇಡಿ, ಮಾರಾಯ್ರೆ!

ಹಾಲೇ ಹುಳಿ ತಿರುಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಒಂದು ಸೌಟು ಹಾಲನ್ನು ಮೊದಲೇ ಕುದಿಸಿ ನೋಡಿ. ಅಂಚಿನಲ್ಲಿ ಸಣ್ಣ ಚೂರು ಕಂಡರೆ ಆ ಹಾಲು ಬೇಡ, ಕಪ್ಪು ಚಾ ಕೊಡೋಣ.