ಮತ್ತೆ ಬರೆದರೆ ಯಾವ ಗ್ರೇಡ್ ಲೆಕ್ಕಕ್ಕೆ?

ಮಾನ್ಯರೇ,

ದ್ವಿತೀಯ ಪಿಯುಸಿಯಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಮತ್ತೆ ಬರೆದವರಿಗೆ ಆಯಾ ವಿಷಯದಲ್ಲಿ ಬಂದ ಹೆಚ್ಚಿನ ಅಂಕವೇ ಉಳಿಯುತ್ತದೆ. ಅಲ್ಲಿಂದ ಪದವಿಗೆ ಬರುವ ಮಕ್ಕಳು ಇಲ್ಲಿಯೂ ಅದೇ ನಿಯಮವೆಂದು ನಂಬಿ ಗ್ರೇಡ್ ಸುಧಾರಣಾ ಪರೀಕ್ಷೆಗೆ ಶುಲ್ಕ ಕಟ್ಟುತ್ತಾರೆ. ಆದರೆ ಪದವಿಯಲ್ಲಿ ಹೆಚ್ಚಿನದೇ ಉಳಿಯಬೇಕೆಂದಿಲ್ಲ. ಒಂದು ವಿಶ್ವವಿದ್ಯಾಲಯ ಎರಡರಲ್ಲಿ ಉತ್ತಮವಾದುದನ್ನು ಹಿಡಿದರೆ, ಇನ್ನೊಂದು ಕೊನೆಯ ಪ್ರಯತ್ನವನ್ನು, ಮತ್ತೊಂದು ಎರಡನ್ನೂ ಲೆಕ್ಕಕ್ಕೆ ಸೇರಿಸಬಹುದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಕಳೆದ ವರ್ಷ ನನ್ನ ಬಳಿ ಬಂದ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯಿಂದ ನನಗೆ ಮನದಟ್ಟಾಯಿತು. ಮೂರು ವರ್ಷಗಳಲ್ಲಿ ಅವಳು ಮುಗಿಸಿದ್ದು 120 ಕ್ರೆಡಿಟ್. ಪ್ರತಿ ವಿಷಯದ ಕ್ರೆಡಿಟ್ಟನ್ನು ಅದರ ಗ್ರೇಡ್ ಪಾಯಿಂಟಿನಿಂದ ಗುಣಿಸಿ ಕೂಡಿದಾಗ ಬಂದ ಮೊತ್ತ 708. ಅದನ್ನು ಕ್ರೆಡಿಟ್ಟಿನಿಂದ ಭಾಗಿಸಿದರೆ ಒಟ್ಟಾರೆ ಸರಾಸರಿ, ಅಂದರೆ ಸಿಜಿಪಿಎ, 5.90. ಅವಳು ಸೇರಬಯಸಿದ್ದ ಸ್ನಾತಕೋತ್ತರ ಕೋರ್ಸಿಗೆ 6.00 ಇರಲೇಬೇಕಿತ್ತು. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯದಲ್ಲಿ ಅವಳಿಗೆ ಬರೀ ಪಾಸಿನ ಗ್ರೇಡ್, ಅಂದರೆ 4 ಪಾಯಿಂಟ್ ಬಂದಿತ್ತು. ಮತ್ತೆ ಬರೆದು ಬಿ ಪ್ಲಸ್, ಅಂದರೆ 7 ಪಾಯಿಂಟ್ ಪಡೆದಳು ಎಂದುಕೊಳ್ಳೋಣ. ಹಳೆಯ ಗ್ರೇಡ್ ತೆಗೆದು ಹೊಸದನ್ನು ಹಾಕಿದರೆ ಮೊತ್ತ 720 ಆಗಿ ಸಿಜಿಪಿಎ ಸರಿಯಾಗಿ 6.00 ಮುಟ್ಟುತ್ತದೆ. ಎರಡು ಪ್ರಯತ್ನಗಳನ್ನೂ ಎಣಿಸಿದರೆ ಮೊತ್ತ 736ಕ್ಕೆ ಏರಿದರೂ ಭಾಗಿಸಬೇಕಾದ ಕ್ರೆಡಿಟ್ 124 ಆಗುವುದರಿಂದ ಸಿಗುವುದು 5.94 ಮಾತ್ರ. ಅದೇ ಹುಡುಗಿ, ಅದೇ ಉತ್ತರಪತ್ರಿಕೆ; ಒಂದು ಕಡೆ ಸೀಟು, ಇನ್ನೊಂದು ಕಡೆ ಇಲ್ಲ.

ಕೊನೆಯ ಪ್ರಯತ್ನವೇ ಅಂತಿಮ ಎನ್ನುವ ಕಡೆ ಅಪಾಯ ಇನ್ನೂ ಹೆಚ್ಚು. ಅಲ್ಲಿ ಮೊದಲ ಫಲಿತಾಂಶವನ್ನು ತಿರಸ್ಕರಿಸುವುದಾಗಿ ಬರೆದುಕೊಟ್ಟ ಮೇಲಷ್ಟೇ ಮತ್ತೆ ಕೂರಲು ಬಿಡುತ್ತಾರೆ. ಜ್ವರದಲ್ಲಿ ಬರೆದು ಕೈಕೊಟ್ಟರೆ ಪಾಸಾಗಿದ್ದ ವಿಷಯವೇ ಫೇಲಾಗಿ, ಕೈಯಲ್ಲಿದ್ದ ಪದವಿಯೂ ನಿಂತುಹೋಗುತ್ತದೆ.

ಇದಕ್ಕಿಂತಲೂ ಕಡಿಮೆ ಜನರಿಗೆ ತಿಳಿದಿರುವುದು ಆಂತರಿಕ ಅಂಕದ ವಿಷಯ. ಸುಧಾರಣಾ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೆಮಿಸ್ಟರ್ ಕೊನೆಯ ಪರೀಕ್ಷೆಯನ್ನಷ್ಟೇ ಮತ್ತೆ ಬರೆಯಬಹುದು. ಹಳೆಯ ಆಂತರಿಕ ಅಂಕ ಹಾಗೆಯೇ ಮುಂದುವರಿಯುತ್ತದೆ. ಈ ಹುಡುಗಿಗೆ ಆಂತರಿಕದಲ್ಲಿ 40ಕ್ಕೆ 16, ಪರೀಕ್ಷೆಯಲ್ಲಿ 60ಕ್ಕೆ 26 ಬಂದಿತ್ತು. ಬಿ ಪ್ಲಸ್‌ಗೆ ಒಟ್ಟು 60 ಬೇಕಾದ್ದರಿಂದ ಅವಳು ಪರೀಕ್ಷೆಯೊಂದರಲ್ಲೇ 44 ತೆಗೆಯಬೇಕಿತ್ತು. ವಿಷಯವನ್ನೇ ಮತ್ತೆ ನೋಂದಾಯಿಸಿ, ತರಗತಿಗೆ ಹೋಗಿ, ಆಂತರಿಕದಲ್ಲಿ 30 ಪಡೆದಿದ್ದರೆ ಪರೀಕ್ಷೆಯಲ್ಲಿ 30 ಸಾಕಾಗುತ್ತಿತ್ತು. ಆದರೆ ಬೆಸ ಸೆಮಿಸ್ಟರಿನ ವಿಷಯವನ್ನು ಬೆಸ ಸೆಮಿಸ್ಟರಿನಲ್ಲಷ್ಟೇ ಪಾಠ ಮಾಡುವುದರಿಂದ ಆ ದಾರಿ ಹಿಡಿದವರಿಗೆ ಒಂದು ವರ್ಷವೇ ಹೋಗಬಹುದು. ಈ ಎರಡು ದಾರಿಗಳ ವ್ಯತ್ಯಾಸವನ್ನು ಅವಳಿಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ನಾನೂ ನಿಯಮಾವಳಿಯನ್ನು ಎರಡು ಸಲ ಓದಿದ ಮೇಲೆಯೇ ಅರ್ಥ ಮಾಡಿಕೊಂಡೆ ಎಂದು ಒಪ್ಪಿಕೊಳ್ಳಬೇಕು.

ಟ್ರಾನ್ಸ್‌ಕ್ರಿಪ್ಟಿನದು ಬೇರೆಯೇ ಕಥೆ. ಸಿಜಿಪಿಎ ಏರಿದ ಮಾತ್ರಕ್ಕೆ ಹಳೆಯ ಗುರುತು ಅಳಿಯುವುದಿಲ್ಲ. ಕೆಲವು ಕಡೆ ಆ ಗ್ರೇಡಿನ ಪಕ್ಕ ನಕ್ಷತ್ರ ಚಿಹ್ನೆ ಬೀಳುತ್ತದೆ, ಕೆಲವು ಕಡೆ ಎರಡೂ ಪ್ರಯತ್ನಗಳು ಕಾಣುತ್ತವೆ, ಇನ್ನು ಕೆಲವು ಕಡೆ ತೇರ್ಗಡೆಯಾದ ತಿಂಗಳು ಮತ್ತು ವರ್ಷ ಮಾತ್ರ ಬದಲಾಗುತ್ತದೆ. ಇದು ಏನೆಂಬ ವಿವರಣೆ ಅದೇ ಹಾಳೆಯಲ್ಲಿ ಇಲ್ಲದಿದ್ದರೆ, ದಾಖಲೆ ಪರಿಶೀಲಿಸುವವರು ಆ ವಿದ್ಯಾರ್ಥಿ ಮೊದಲು ಫೇಲಾಗಿದ್ದನೆಂದೇ ತಿಳಿಯುತ್ತಾರೆ. ರ‍್ಯಾಂಕಿಗೆ ಮೊದಲ ಪ್ರಯತ್ನದ ಫಲಿತಾಂಶವನ್ನು ಮಾತ್ರ ಪರಿಗಣಿಸುವ ನಿಯಮವಂತೂ ಅನೇಕ ಕಡೆ ಇದೆ. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಎಲ್ಲ ವಿಶ್ವವಿದ್ಯಾಲಯಗಳೂ ಒಂದೇ ನಿಯಮ ಮಾಡಲಿ ಎಂದು ನಾನು ಕೇಳುತ್ತಿಲ್ಲ. ಸುಧಾರಣಾ ಪರೀಕ್ಷೆಯ ಅರ್ಜಿಯಲ್ಲೇ ಮೂರು ವಾಕ್ಯಗಳು ಕನ್ನಡದಲ್ಲಿ ಇರಲಿ: ಯಾವ ಪ್ರಯತ್ನ ಲೆಕ್ಕಕ್ಕೆ ಬರುತ್ತದೆ, ಆಂತರಿಕ ಅಂಕ ಹಳೆಯದೋ ಹೊಸದೋ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಏನು ಅಚ್ಚಾಗುತ್ತದೆ. ಅದನ್ನು ಓದಿ ವಿದ್ಯಾರ್ಥಿ ಸಹಿ ಹಾಕಿದ ಮೇಲೆ ಶುಲ್ಕ ಪಡೆಯುವಂತೆ ಮೌಲ್ಯಮಾಪನ ವಿಭಾಗದ ಕುಲಸಚಿವರು ಸುತ್ತೋಲೆ ಹೊರಡಿಸಬೇಕು.

ನಿವೃತ್ತ ಗಣಿತ ಉಪನ್ಯಾಸಕ, ಹಾಸನ