ದುರಸ್ತಿ ಎಂದು ಬರೆದ ಮಾತ್ರಕ್ಕೆ ಹೊಸ ಯಂತ್ರ ಖರ್ಚಾಗದು

ಮಾನ್ಯ ಸಂಪಾದಕರೇ,

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಪ್ರತಿ ಮಾರ್ಚ್‌ನಲ್ಲೂ ಎದುರಾಗುವ ಒಂದು ತಪ್ಪು ಈ ವರ್ಷ ನನಗೆ ಪರಿಚಿತವಾದ ಒಂದು ಮಿಲ್ಲಿಗೆ ಮೂರೂವರೆ ಲಕ್ಷದ ಹತ್ತಿರದ ಪೆಟ್ಟು ಕೊಟ್ಟಿದೆ. ಅದಕ್ಕಾಗಿ ಈ ಪತ್ರ.

ಹೊಸ ತೊಗರಿ ಬರುವ ಮೊದಲು ಮಿಲ್ಲುಗಳನ್ನು ಬಿಚ್ಚಿ ಸರಿಪಡಿಸುವುದು ಇಲ್ಲಿನ ವಾಡಿಕೆ. ಈ ಮಿಲ್ಲಿನ ಮಾಲೀಕರೂ ಹಾಗೆಯೇ ಮಾಡಿಸಿದರು. ಸವೆದ ರೋಲರ್‌ಗಳಿಗೆ ಹೊಸದಾಗಿ ಎಮರಿ ಲೇಪನ ಹಾಕಿಸಿದರು. ಬೇರಿಂಗ್, ಬೆಲ್ಟ್ ಮತ್ತು ಎಲಿವೇಟರಿನ ಬಕೆಟ್‌ಗಳನ್ನು ಬದಲಾಯಿಸಿದರು. ಇದಕ್ಕೆ ಎರಡು ಲಕ್ಷ ರೂಪಾಯಿ ಆಯಿತು. ಅದೇ ಸಮಯಕ್ಕೆ ಬಣ್ಣಗೆಟ್ಟ ಬೇಳೆಯನ್ನು ಬೇರ್ಪಡಿಸುವ ಕಲರ್ ಸಾರ್ಟರ್ ಒಂದನ್ನು ಹನ್ನೆರಡು ಲಕ್ಷಕ್ಕೆ ಕೂರಿಸಿದರು. ಎರಡೂ ಕೆಲಸ ಒಬ್ಬನೇ ಗುತ್ತಿಗೆದಾರನದು. ಆತ ‘ಮಿಲ್ ದುರಸ್ತಿ, 14 ಲಕ್ಷ’ ಎಂದು ಒಂದೇ ಸಾಲಿನ ಬಿಲ್ಲು ಕೊಟ್ಟ. ಲೆಕ್ಕದ ಪುಸ್ತಕದಲ್ಲೂ ಅದು ಹಾಗೆಯೇ ಏರಿತು. ಆ ವರ್ಷದ ಲಾಭದಿಂದ ಇಡೀ 14 ಲಕ್ಷ ಕಳೆಯುತ್ತದೆ ಎಂಬ ನಂಬಿಕೆಯಲ್ಲಿ ಮಾಲೀಕರು ಮುಂಗಡ ತೆರಿಗೆಯನ್ನೂ ಕಡಿಮೆ ಕಟ್ಟಿದರು.

ಲೆಕ್ಕ ಪರಿಶೋಧಕರು ಬಿಲ್ಲನ್ನು ಒಡೆದು ನೋಡಿದಾಗ ಚಿತ್ರ ಬದಲಾಯಿತು. ಎರಡು ಲಕ್ಷದ ಕೆಲಸ ರಾಜಸ್ವ ವೆಚ್ಚ. ಮೊದಲೇ ಇದ್ದ ಯಂತ್ರ ಮೊದಲಿನಂತೆ ನಡೆಯಲಿ ಎಂದು ಮಾಡಿದ ಖರ್ಚು ಅದು. 1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಮಿನ ಪ್ರಕಾರ ಚಾಲ್ತಿ ದುರಸ್ತಿಯಾಗಿ ಅದೇ ವರ್ಷ ಪೂರ್ತಿ ಕಳೆಯುತ್ತದೆ. ಸಾರ್ಟರ್ ಹಾಗಲ್ಲ. ಅದು ಮಿಲ್ಲಿನಲ್ಲಿ ಹಿಂದೆ ಇರದಿದ್ದ ಯಂತ್ರ, ವರ್ಷಗಟ್ಟಲೆ ದುಡಿಯುವಂಥದ್ದು, ಆದ್ದರಿಂದ ಬಂಡವಾಳ ವೆಚ್ಚ. ಅದರ ಬೆಲೆ 32ನೇ ಕಲಮಿನ ಸವಕಳಿಯ ರೂಪದಲ್ಲಿ ಮಾತ್ರ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತದೆ.

ಎಷ್ಟು ಸ್ವಲ್ಪ ಎಂಬುದನ್ನು ನೋಡಿದರೆ ಮಾಲೀಕರ ಸಂಕಟ ಅರ್ಥವಾಗುತ್ತದೆ. ಸಾಮಾನ್ಯ ಯಂತ್ರಕ್ಕೆ ಸವಕಳಿ ದರ ಶೇ 15. ಆದರೆ ಆ ಹಣಕಾಸು ವರ್ಷದಲ್ಲಿ ಯಂತ್ರ 180 ದಿನಗಳಿಗಿಂತ ಕಡಿಮೆ ಬಳಕೆಯಲ್ಲಿದ್ದರೆ ಮೊದಲ ವರ್ಷ ಅದರ ಅರ್ಧ, ಅಂದರೆ ಶೇ 7.5 ಮಾತ್ರ. ಇವರ ಸಾರ್ಟರ್ ಓಡಲಾರಂಭಿಸಿದ್ದು ಡಿಸೆಂಬರ್ ಕೊನೆಗೆ. ಹೀಗಾಗಿ 12 ಲಕ್ಷದಲ್ಲಿ ಆ ವರ್ಷ ಕಳೆದದ್ದು 90 ಸಾವಿರ ರೂಪಾಯಿ. ಎರಡನೇ ವರ್ಷ ಉಳಿದ 11,10,000ದ ಮೇಲೆ ಶೇ 15, ಅಂದರೆ 1,66,500. ಮೂರನೇ ವರ್ಷ ಮತ್ತೆ ಉಳಿದದ್ದರ ಮೇಲೆ ಶೇ 15. ಹೀಗೆ ಐದನೇ ವರ್ಷ ಮುಗಿಯುವ ಹೊತ್ತಿಗೆ ಹನ್ನೆರಡು ಲಕ್ಷದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕಳೆದಿರುತ್ತದೆ, ಅಷ್ಟೇ.

ಮಾಲೀಕರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಹೊಸ ಯಂತ್ರಕ್ಕೆ ಮಾಮೂಲಿ ಸವಕಳಿಯ ಮೇಲೆ ಕೊಡುವ ಹೆಚ್ಚುವರಿ ಸವಕಳಿ ಅಲ್ಲಿ ಸಿಗುವುದಿಲ್ಲ. ಆದಾಯ ಶೇ 30ರ ಹಂತದಲ್ಲಿರುವುದರಿಂದ ಸೆಸ್ ಸೇರಿ ನೂರು ರೂಪಾಯಿಗೆ 31 ರೂಪಾಯಿ 20 ಪೈಸೆ ತೆರಿಗೆ. ಆ ವರ್ಷ ಕಳೆಯಲಾಗದೆ ಉಳಿದ 11,10,000 ರೂಪಾಯಿಯ ಮೇಲೆ 3,46,320 ರೂಪಾಯಿ ಕಟ್ಟಬೇಕಾಯಿತು, ಮುಂಗಡ ತೆರಿಗೆ ಕಡಿಮೆ ಬಿದ್ದದ್ದಕ್ಕೆ ಬಡ್ಡಿ ಬೇರೆ. ‘ರೊಕ್ಕ ಪೂರ್ತಿ ಕೈಬಿಟ್ಟು ಹೋಗಿದೆ. ಅದು ಖರ್ಚಲ್ಲದೆ ಮತ್ತೇನು?’ ಎಂದು ಅವರು ಕೇಳಿದ್ದು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ತಿಜೋರಿಯಿಂದ ಹಣ ಹೊರಗೆ ಹೋದ ದಿನವೂ ಲಾಭದಿಂದ ಅದು ಕಳೆಯುವ ದಿನವೂ ಒಂದೇ ಆಗಿರಬೇಕಿಲ್ಲ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಯಾರಾದರೂ ಅವರಿಗೆ ಹೇಳಬೇಕಿತ್ತು. ಬ್ಯಾಂಕ್ ಸಾಲದಲ್ಲಿ ಯಂತ್ರ ತಂದವರಿಗೂ ಇದೇ ಮಾತು: ಕಂತಿನಲ್ಲಿರುವ ಅಸಲು ಎಂದಿಗೂ ಖರ್ಚಲ್ಲ. ಬಡ್ಡಿ ಖರ್ಚು ಹೌದು, ಆದರೆ ಯಂತ್ರ ಬಳಕೆಗೆ ಬರುವ ದಿನದವರೆಗಿನ ಬಡ್ಡಿ ಯಂತ್ರದ ಬೆಲೆಗೇ ಸೇರುತ್ತದೆ.

ಮಾಲೀಕರು ಇನ್ನೊಂದು ವಾದವನ್ನೂ ಮುಂದಿಟ್ಟರು. ಇಡೀ ಮಿಲ್ಲು ಒಂದೇ ಯಂತ್ರವಿದ್ದಂತೆ. ಜರಡಿಯಿಂದ ಸಾರ್ಟರ್‌ವರೆಗೆ ಕಾಳು ಒಂದೇ ಹಾದಿಯಲ್ಲಿ ಹರಿಯುತ್ತದೆ. ಆದ್ದರಿಂದ ಅದರೊಳಗೆ ಏನನ್ನು ಹಾಕಿದರೂ ದುರಸ್ತಿಯೇ ಎಂದರು. ಇದು ತೆಗೆದುಹಾಕುವಂಥ ವಾದವಲ್ಲ. ನೂಲಿನ ಗಿರಣಿಗಳು ರಿಂಗ್ ಫ್ರೇಮ್ ಎಂಬ ಹಳೆಯ ನೂಲುವ ಯಂತ್ರಗಳ ಜಾಗದಲ್ಲಿ ಹೊಸವನ್ನು ಹಾಕಿ ಇದೇ ಮಾತನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದವು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತನ್ನದೇ ಕೆಲಸ ಮಾಡುವ ಪ್ರತಿಯೊಂದು ಯಂತ್ರವೂ ಪ್ರತ್ಯೇಕ ಆಸ್ತಿ, ಅದನ್ನು ಇಡಿಯಾಗಿ ಬದಲಿಸುವುದು ಚಾಲ್ತಿ ದುರಸ್ತಿಯಲ್ಲ ಎಂದಿತು. ನಮ್ಮ ಮಿಲ್ಲಿಗೆ ಅನ್ವಯಿಸುವುದಾದರೆ, ರೋಲರಿನ ಎಮರಿ ಲೇಪನ ರೋಲರ್ ಯಂತ್ರದ ಒಂದು ಭಾಗ. ಹೊಸ ಲೇಪನ ದುರಸ್ತಿ. ಹಳೆಯ ರೋಲರ್ ಯಂತ್ರವನ್ನೇ ಕಿತ್ತು ಹೊಸದನ್ನು ಕೂರಿಸಿದರೆ ಅದು ಬಂಡವಾಳ. ಸಾರ್ಟರಿನ ವಿಷಯದಲ್ಲಂತೂ ಕಿತ್ತು ತೆಗೆಯಲು ಹಳೆಯದೇ ಇರಲಿಲ್ಲ.

ಮೊತ್ತ ದೊಡ್ಡದಾದರೆ ಬಂಡವಾಳ, ಸಣ್ಣದಾದರೆ ಖರ್ಚು ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. ಇದರಿಂದ ಉಲ್ಟಾ ನಷ್ಟವಾಗುವುದನ್ನು ನಾನು ಕಂಡಿದ್ದೇನೆ. ಬೇರೊಂದು ಮಿಲ್ಲಿನ ಮುನೀಮರು ಎರಡು ಲಕ್ಷ ದೊಡ್ಡ ಮೊತ್ತವೆಂದು ಎಮರಿ ಲೇಪನದ ಬಿಲ್ಲನ್ನು ಯಂತ್ರದ ಖಾತೆಗೆ ಸೇರಿಸಿಬಿಟ್ಟಿದ್ದರು. ಅದೇ ವರ್ಷ ಪೂರ್ತಿ ಕಳೆಯಬೇಕಿದ್ದ ಎರಡು ಲಕ್ಷಕ್ಕೆ ಬದಲು ಮೂವತ್ತು ಸಾವಿರ ಕಳೆಯಿತು. ಲೇಪನ ಸವೆದು ಹೋದ ಮೇಲೂ ಅದರ ಬೆಲೆ ಪುಸ್ತಕದಲ್ಲಿ ವರ್ಷಗಟ್ಟಲೆ ಕುಳಿತಿತ್ತು. ಈ ತಪ್ಪಿಗೆ ಯಾವ ನೋಟಿಸೂ ಬರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದೂ ಇಲ್ಲ. ನನಗೆ ಹೆಚ್ಚು ನೋವಾಗುವುದು ಇಂಥವನ್ನು ಕಂಡಾಗಲೇ. ಮೂವತ್ತು ಸಾವಿರದ ಹೊಸ ತೂಕದ ಯಂತ್ರ ಬಂಡವಾಳ. ಎರಡು ಲಕ್ಷದ ಲೇಪನ ಖರ್ಚು. ನೋಡಬೇಕಾದದ್ದು ಹಣ ಏನು ಮಾಡಿತು ಎಂಬುದನ್ನು.

180 ದಿನದ ಲೆಕ್ಕ ತೊಗರಿ ಮಿಲ್ಲಿನವರಿಗೆ ವಿಶೇಷವಾಗಿ ಬಾಧಿಸುತ್ತದೆ. ಪೂರ್ತಿ ಶೇ 15 ಸಿಗಬೇಕಾದರೆ ಯಂತ್ರ ಅಕ್ಟೋಬರ್ ಆರಂಭದೊಳಗೆ ನಿಜವಾಗಿಯೂ ಕೆಲಸ ಮಾಡಿರಬೇಕು. ತಂದು ಗೋದಾಮಿನಲ್ಲಿಟ್ಟರೆ ಸಾಲದು. ನಮ್ಮ ಹೊಸ ಮಾಲು ಬರುವುದೇ ಡಿಸೆಂಬರ್ ನಂತರ. ಹೇಗೂ ಯಂತ್ರ ಕೊಳ್ಳುವುದೆಂದು ನಿಶ್ಚಯವಾಗಿದ್ದರೆ ಸೆಪ್ಟೆಂಬರಿನಲ್ಲೇ ಕೂರಿಸಿ, ಹಳೆಯ ದಾಸ್ತಾನಿನ ಬೇಳೆಯನ್ನು ಓಡಿಸಿ, ಆ ದಿನದ ಉತ್ಪಾದನಾ ಪುಸ್ತಕದಲ್ಲಿ ಅದನ್ನು ಬರೆದಿಡುವುದು ಒಳ್ಳೆಯದು. ಮೇಲಿನ ಮಿಲ್ಲಿನವರು ಹಾಗೆ ಮಾಡಿದ್ದರೆ ಮೊದಲ ವರ್ಷ 90 ಸಾವಿರದ ಬದಲು 1,80,000 ಕಳೆಯುತ್ತಿತ್ತು.

2026ರ ಏಪ್ರಿಲ್ 1 ಜಾರಿ ದಿನಾಂಕವಾಗಿರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ದುರಸ್ತಿಗೂ ಹೊಸ ಯಂತ್ರಕ್ಕೂ ನಡುವಿನ ಈ ವ್ಯತ್ಯಾಸ ಹಾಗೆಯೇ ಉಳಿದಿದೆ.

ನಿಮ್ಮ ಪತ್ರಿಕೆಯ ಮೂಲಕ ಮಿಲ್ಲುಗಳ ಕೆಲಸ ಹಿಡಿಯುವ ಗುತ್ತಿಗೆದಾರರಲ್ಲಿ ನನ್ನದೊಂದು ವಿನಂತಿಯಿದೆ. ದುರಸ್ತಿಗೂ ಹೊಸ ಯಂತ್ರಕ್ಕೂ ದಯವಿಟ್ಟು ಬೇರೆ ಬೇರೆ ಬಿಲ್ಲು ಕೊಡಿ. ದುರಸ್ತಿಯ ಬಿಲ್ಲಿನಲ್ಲಿ ಯಾವ ಯಂತ್ರದ ಯಾವ ಭಾಗವನ್ನು ತೆಗೆದು ಏನು ಹಾಕಿದಿರಿ ಎಂಬುದನ್ನು ಬರೆಯಿರಿ. ಹೊಸ ಯಂತ್ರದ ಸಾಗಾಣಿಕೆ, ಅಡಿಪಾಯ, ವೈರಿಂಗ್ ಮತ್ತು ಜೋಡಣೆಯ ಕೂಲಿ ಯಂತ್ರದ ಬೆಲೆಗೇ ಸೇರುವುದರಿಂದ ಅವನ್ನು ದುರಸ್ತಿಯ ಬಿಲ್ಲಿನೊಳಗೆ ತುರುಕಬೇಡಿ. ಮಾಲೀಕರು ಕೂಡ ಕಿತ್ತು ತೆಗೆದ ಬೇರಿಂಗ್, ಬಕೆಟ್‌ಗಳನ್ನು ಗುಜರಿಗೆ ಹಾಕಿದ ಚೀಟಿಯನ್ನು ಆ ಬಿಲ್ಲಿನ ಜೊತೆಗೇ ಲಗತ್ತಿಸಿಡಲಿ. ಮೂರು ವರ್ಷ ಕಳೆದ ಮೇಲೆ ಅಧಿಕಾರಿ ಪ್ರಶ್ನೆ ಕೇಳಿದಾಗ, ಹಳೆಯ ಯಂತ್ರವನ್ನೇ ಸರಿಪಡಿಸಿದೆವು ಎಂದು ತೋರಿಸಲು ಆ ಚೀಟಿಯೇ ಬೇಕಾಗುತ್ತದೆ.

— ಮಿಲ್ಲಿನ ಲೆಕ್ಕ ಬರೆಯುವ ಓದುಗ, ಕಲಬುರಗಿ