ಟ್ರಿಗರ್ ಆಯಿತು, ಮಾರಾಟ ಆಗಲಿಲ್ಲ: ಆಪ್ಶನ್ ಓಸಿಓ ಆರ್ಡರ್ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ಇವರಿಂದ,
ನಿಮ್ಮ ಟ್ರೇಡಿಂಗ್ ಖಾತೆಯ ಗ್ರಾಹಕ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾನ್ಯರೇ,

ಒಂದು ಶೇರಿನ ಕಾಲ್ ಆಪ್ಶನ್ ಒಂದು ಲಾಟ್, ಅಂದರೆ 500, ನನ್ನ ಖಾತೆಯಲ್ಲಿತ್ತು. 40 ರೂಪಾಯಿಗೆ ಕೊಂಡದ್ದು. ಅದಕ್ಕೆ ನಿಮ್ಮ ಆ್ಯಪ್‌ನಲ್ಲಿ ಓಸಿಓ ಹಾಕಿದ್ದೆ. ಬೆಲೆ 60 ಆದರೆ ಲಾಭಕ್ಕೆ ಮಾರಬೇಕು, 30ಕ್ಕೆ ಇಳಿದರೆ 29ರ ಲಿಮಿಟ್‌ನಲ್ಲಿ ಮಾರಬೇಕು. ಒಂದು ನಡೆದರೆ ಇನ್ನೊಂದು ರದ್ದು. ರದ್ದು ಮಾಡುವವರೆಗೆ ಚಾಲ್ತಿಯಲ್ಲಿರುತ್ತದೆ ಅಂತ ನಿಮ್ಮ ಆ್ಯಪ್ ಹೇಳುತ್ತದೆ.

ಕಳೆದ ಬುಧವಾರ ಬೆಳಿಗ್ಗೆಯಿಂದಲೇ ಶೇರು ಇಳಿಯುತ್ತಿತ್ತು. ಆಪ್ಶನ್‌ನಲ್ಲಿ ಕೊಳ್ಳುವವರ ಬೆಲೆಯೂ ಜೊತೆಗೇ ಇಳಿಯಿತು. ಆದರೆ ವ್ಯಾಪಾರವೇ ಆಗದ ಕಾರಣ ಕೊನೆಯ ವ್ಯಾಪಾರದ ಬೆಲೆ ಮಾತ್ರ 38ರಲ್ಲೇ ನಿಂತಿತ್ತು. ನಿಮ್ಮ ವ್ಯವಸ್ಥೆ ನೋಡುವುದು ಆ ಬೆಲೆಯನ್ನು ಮಾತ್ರ. ಅಡಿಕೆ ಅಂಗಡಿಯ ಬೋರ್ಡಿನಲ್ಲಿ ನಿನ್ನೆ ಬರೆದ ದರವನ್ನೇ ನೋಡಿ ಇವತ್ತು ಮಾರಲು ಹೊರಟ ಹಾಗೆ ಇದು. ಮಧ್ಯಾಹ್ನ ಯಾರೋ ಒಬ್ಬರು ಒಂದು ಲಾಟನ್ನು 22.50ಕ್ಕೆ ಮಾರಿದರು. ಬೆಲೆ 38ರಿಂದ ನೇರ 22.50ಕ್ಕೆ ಬಂತು. ಆಗ ನಿಮ್ಮ ಟ್ರಿಗರ್ ಎದ್ದಿತು. 29ರ ಲಿಮಿಟ್ ಆರ್ಡರ್ ಎಕ್ಸ್‌ಚೇಂಜಿಗೆ ಹೋಯಿತು. ಅಷ್ಟು ಹೊತ್ತಿಗೆ ಕೊಳ್ಳುವವರ ಬೆಲೆ 22. 29ಕ್ಕೆ ಯಾರು ಕೊಳ್ಳುತ್ತಾರೆ? ಮಾರುವವರ ಸಾಲಿನ ಮೊದಲಲ್ಲಿ ಕೂತದ್ದು ನನ್ನದೇ ಆರ್ಡರ್.

ಇಷ್ಟಕ್ಕೆ ನನ್ನ ತಕರಾರಿಲ್ಲ. 2021ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇ ಆಪ್ಶನ್‌ಗಳಲ್ಲಿ ಮಾರ್ಕೆಟ್ ಸ್ಟಾಪ್‌ಲಾಸ್ ನಿಲ್ಲಿಸಿದೆ. ಲಿಮಿಟ್ ಇಡಲೇಬೇಕು, ಬೆಲೆ ಹಾರಿದರೆ ಲಿಮಿಟ್ ಹಿಂದೆ ಬೀಳುತ್ತದೆ. ತಕರಾರು ಇರುವುದು ಅದರ ನಂತರ ನಡೆದದ್ದಕ್ಕೆ.

ಟ್ರಿಗರ್ ಎದ್ದ ಕೂಡಲೇ ನಿಮ್ಮ ವ್ಯವಸ್ಥೆ 60ರ ಆರ್ಡರನ್ನು ರದ್ದು ಮಾಡಿತು. ಮಾರಾಟ ಇನ್ನೂ ಆಗಿರಲೇ ಇಲ್ಲ! ಮೊಬೈಲಿಗೆ 'ನಿಮ್ಮ ಓಸಿಓ ಟ್ರಿಗರ್ ಆಗಿದೆ' ಅಂತ ಹಸಿರು ಬಣ್ಣದ ಸಂದೇಶ ಬಂತು. 3.30ಕ್ಕೆ ಮಾರುಕಟ್ಟೆ ಮುಚ್ಚಿದಾಗ 29ರ ಆರ್ಡರ್ ಕೂಡ ಬಿದ್ದುಹೋಯಿತು. ಎಕ್ಸ್‌ಚೇಂಜಿಗೆ ಹೋಗಿದ್ದು ಆ ಒಂದು ದಿನದ ಆರ್ಡರ್ ತಾನೇ. ಅದರ ಬಗ್ಗೆ ಒಂದು ಸಂದೇಶವೂ ಇಲ್ಲ. ರದ್ದು ಮಾಡುವವರೆಗೆ ಚಾಲ್ತಿ ಅಂದದ್ದು ನಿಮ್ಮ ಸರ್ವರ್‌ನಲ್ಲಿ ಕಾಯುವ ಸೂಚನೆಗೆ ಮಾತ್ರ ಅನ್ವಯಿಸುತ್ತದೆ. ಒಮ್ಮೆ ಎದ್ದರೆ ಅದು ಮುಗಿಯಿತು. ಇದನ್ನು ಆರ್ಡರ್ ಹಾಕುವ ಪರದೆಯಲ್ಲೇ ಹೇಳಬೇಕಲ್ವಾ?

ಗುರುವಾರ ಶೇರು ಇನ್ನೂ ಕೆಳಗೆ ತೆರೆಯಿತು. ನನ್ನ ಲಾಟಿಗೆ ಕಾವಲಾಗಿ ಯಾವ ಆರ್ಡರೂ ಇರಲಿಲ್ಲ. ಖಾತೆಯಲ್ಲಿ ಲಾಟ್ ಹಾಗೇ ಇರುವುದನ್ನು ನೋಡಿ 12ಕ್ಕೆ ಮಾರಿದೆ.

29 ಮತ್ತು 12ರ ನಡುವಿನ ಪೂರ್ತಿ ವ್ಯತ್ಯಾಸವನ್ನು ನಾನು ಕೇಳುತ್ತಿಲ್ಲ. 29ಕ್ಕೆ ಕೊಳ್ಳುವವರೇ ಇರಲಿಲ್ಲ. ಆದರೆ ಆರ್ಡರ್ ಬಾಕಿ ಇದೆ ಅಂತ ಬುಧವಾರವೇ ತಿಳಿಸಿದ್ದರೆ 22ಕ್ಕೆ ಮಾರುತ್ತಿದ್ದೆ. ಒಂದಕ್ಕೆ 10 ರೂಪಾಯಿಯಂತೆ 500ರ ಲಾಟಿಗೆ 5,000 ರೂಪಾಯಿ. ಅದನ್ನು ಕೊಡಿ. ಟ್ರಿಗರ್ ಎದ್ದ ಸಮಯ, ಆರ್ಡರ್ ಎಕ್ಸ್‌ಚೇಂಜಿಗೆ ಹೋದ ಸಮಯ, ಆಗಿನ ಕೊಳ್ಳುವ ಮತ್ತು ಮಾರುವ ಬೆಲೆಗಳು, ಇಷ್ಟರ ದಾಖಲೆಯನ್ನೂ ಕಳಿಸಿ.

ವ್ಯವಸ್ಥೆಯನ್ನೂ ಸರಿಮಾಡಿ. ಎರಡನೇ ಆರ್ಡರ್ ರದ್ದಾಗಬೇಕಾದ್ದು ಮೊದಲನೆಯದು ಮಾರಾಟವಾದ ಮೇಲೆ, ಟ್ರಿಗರ್ ಎದ್ದ ಮೇಲಲ್ಲ. ಅರ್ಧ ಮಾರಾಟವಾದರೆ ಅರ್ಧದಷ್ಟೇ ಕಡಿಮೆಯಾಗಲಿ. ಎರಡೂ ಒಟ್ಟಿಗೆ ಎಕ್ಸ್‌ಚೇಂಜಿನಲ್ಲಿ ಇರಬೇಕಾಗಿಲ್ಲ. ಇನ್ನೊಂದು ನಿಮ್ಮ ಸರ್ವರ್‌ನಲ್ಲೇ ಕಾಯಲಿ, ಬೇಕಾದಾಗ ಮೊದಲನೆಯದನ್ನು ಹಿಂದೆ ತೆಗೆದು ಇದನ್ನು ಕಳಿಸಿ.

ಇನ್ನೊಂದು ವಿಷಯ. ಮೂಲ ಶೇರಿನ ಬೆಲೆಗೆ ಕಟ್ಟಿದ ಎಕ್ಸಿಟ್ ಸೌಲಭ್ಯ ಕೊಡಿ. ಶೇರು ಇಂಥ ಬೆಲೆಗೆ ಇಳಿದರೆ ಆಪ್ಶನ್ ಮಾರು ಅನ್ನುವಂಥದ್ದು. ಆಪ್ಶನ್ ಗಂಟೆಗಟ್ಟಲೆ ಸುಮ್ನೆ ಇದ್ದರೂ ಶೇರಿನಲ್ಲಿ ವ್ಯಾಪಾರ ನಡೆಯುತ್ತಲೇ ಇರುತ್ತದೆ. ಬುಧವಾರ ಇದು ಇದ್ದಿದ್ದರೆ ಟ್ರಿಗರ್ ಬೆಳಿಗ್ಗೆಯೇ ಏಳುತ್ತಿತ್ತು. ಆಪ್ಶನ್‌ನಲ್ಲಿ ಒಂದೇ ಒಂದು ವಿಚಿತ್ರ ವ್ಯಾಪಾರ ಆಗಿ ಸುಳ್ಳು ಟ್ರಿಗರ್ ಏಳುವುದೂ ತಪ್ಪುತ್ತದೆ. ಆದರೆ ಅದರ ಲಿಮಿಟನ್ನು ಮೊದಲೇ ಒಂದು ಅಂಕಿಗೆ ಕಟ್ಟಿಹಾಕಿದರೆ ಮತ್ತೆ ಇದೇ ಕಥೆ. ಟ್ರಿಗರ್ ಎದ್ದ ಹೊತ್ತಿನ ಕೊಳ್ಳುವ ಬೆಲೆಗಿಂತ ಇಷ್ಟು ಕೆಳಗೆ ಅಂತ ಗ್ರಾಹಕರು ಆರಿಸುವ ಹಾಗಿರಲಿ. ಕೊಳ್ಳುವವರೇ ಇಲ್ಲದಿದ್ದರೆ ಇದೂ ಮಾರಿಕೊಡಲಾರದು. ಆಗ ಕೂಡಲೇ ಕೆಂಪು ಸಂದೇಶ ಕಳಿಸಿ.

21 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ ಇದೇ ಪತ್ರವನ್ನು ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ಹಾಕುತ್ತೇನೆ. ಉತ್ತರ ಕನ್ನಡದಲ್ಲಿರಲಿ. ಫೋನಿನಲ್ಲಿ ನಿಮ್ಮವರು ಮಲಯಾಳದಲ್ಲಿ ಚೆನ್ನಾಗಿಯೇ ಮಾತಾಡಿದರು, ಆದರೆ ಈ ವಿಷಯ ನನಗೆ ಬರಹದಲ್ಲಿ, ನನ್ನ ಭಾಷೆಯಲ್ಲಿ ಬೇಕು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಓಸಿಓ ಆರ್ಡರ್, ಟ್ರಿಗರ್ ಸಂದೇಶ ಮತ್ತು ಎರಡು ದಿನಗಳ ಆರ್ಡರ್ ಪುಸ್ತಕದ ಸ್ಕ್ರೀನ್‌ಶಾಟ್‌ಗಳು